144 ಹರ್ಟ್ಸ್‌ನಲ್ಲಿ ಹತ್ತಲಾಗದ ಕಟ್ಟೆ: ಹಳೆಯ ಆಟವೊಂದರ ರಿಪೇರಿ ಟಿಪ್ಪಣಿ

ರಿಪೇರಿಗೆ ಕೈಗೆತ್ತಿಕೊಂಡ ಆಟ 2000ದ ದಶಕದ ಮಧ್ಯಭಾಗದ್ದು. ಓಡುತ್ತಾ, ಜಿಗಿಯುತ್ತಾ ಮುಂದೆ ಸಾಗುವ ಬಗೆಯ 3ಡಿ ಆಟ. 32 ಬಿಟ್‌ನ ವಿಂಡೋಸ್ ಪ್ರೋಗ್ರಾಂ, ಡೈರೆಕ್ಟ್3ಡಿ 9ರ ಮೇಲೆ ಕಟ್ಟಿದ್ದು, ಮೂಲ ಕೋಡ್ ಸಿಗುವಂತಿಲ್ಲ. ಹೆಸರು ಇಲ್ಲಿ ಮುಖ್ಯವಲ್ಲ, ಏಕೆಂದರೆ ಇದರಲ್ಲಿ ಕಂಡ ದೋಷಗಳು ಅದೇ ಕಾಲದ ಹತ್ತಾರು ಆಟಗಳಲ್ಲಿ ಹೆಚ್ಚುಕಡಿಮೆ ಇದೇ ರೂಪದಲ್ಲಿ ಸಿಗುತ್ತವೆ. 60 ಹರ್ಟ್ಸ್ ಮಾನಿಟರ್‌ನಲ್ಲಿ ಆಟ ಸರಿಯಾಗಿಯೇ ನಡೆಯುತ್ತದೆ. 144 ಹರ್ಟ್ಸ್‌ಗೆ ಹೋದ ಕೂಡಲೇ ನಾಯಕ ಕೆಸರಿನಲ್ಲಿ ಕಾಲೆಳೆಯುವವನಂತೆ ನಿಧಾನವಾಗುತ್ತಾನೆ, ಜಲಪಾತದ ನೀರು ಹುಚ್ಚು ವೇಗದಲ್ಲಿ ಸುರಿಯುತ್ತದೆ, ಮತ್ತು ಮೂರನೆಯ ಹಂತದಲ್ಲಿರುವ ಒಂದು ಕಲ್ಲಿನ ಕಟ್ಟೆಯ ಮೇಲೆ ಎಷ್ಟು ಜಿಗಿದರೂ ಹತ್ತಲು ಆಗುವುದಿಲ್ಲ. ಆ ಕಟ್ಟೆ ಹತ್ತದೆ ಆಟ ಮುಂದೆ ಸಾಗುವುದಿಲ್ಲ.

ಇವುಗಳ ಜೊತೆಗೆ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಪರದೆಯ ಮೂಲೆಯಲ್ಲಿರುವ ಗಡಿಯಾರ ಮಾತ್ರ ಸರಿಯಾದ ವೇಗದಲ್ಲೇ ಓಡುತ್ತಿತ್ತು. ರೋಗವನ್ನು ಗುರುತಿಸಲು ಇದೇ ಮೊದಲ ಸುಳಿವು. ಫ್ರೇಮ್ ರೇಟ್ ಏರಿದಾಗ ಕೆಡುವ ಆಟಗಳಲ್ಲಿ ಎರಡು ಜಾತಿಗಳಿವೆ. ಒಂದು ಜಾತಿಯ ಆಟಗಳು ಕಾಲವನ್ನು ಅಳೆಯುವುದೇ ಇಲ್ಲ. ಒಂದು ಫ್ರೇಮ್ ಎಂದರೆ ಆಟದ ಜಗತ್ತಿನಲ್ಲಿ ಒಂದು ಹೆಜ್ಜೆ, ಅಷ್ಟೇ. ಅಂಥವುಗಳಲ್ಲಿ 144ಕ್ಕೆ ಹೋದಾಗ ಗಡಿಯಾರವೂ ಸೇರಿದಂತೆ ಎಲ್ಲವೂ ಒಟ್ಟಿಗೆ 2.4 ಪಟ್ಟು ವೇಗವಾಗುತ್ತದೆ. ಇನ್ನೊಂದು ಜಾತಿಯವು ಕಾಲವನ್ನು ಅಳೆಯುತ್ತವೆ, ಆದರೆ ಅಳೆದದ್ದನ್ನು ಎಲ್ಲ ಕಡೆ ಬಳಸುವುದಿಲ್ಲ, ಅಥವಾ ಬಳಸಿದರೂ ಲೆಕ್ಕದ ವಿಧಾನವೇ ಹೆಜ್ಜೆಯ ಗಾತ್ರವನ್ನು ಅವಲಂಬಿಸಿರುತ್ತದೆ. ಗಡಿಯಾರ ಸರಿಯಿದ್ದು ನಡಿಗೆ ಕೆಟ್ಟಿದ್ದರೆ ಆಟ ಎರಡನೆಯ ಜಾತಿಯದು. ನನ್ನ ಅನುಭವದಲ್ಲಿ ಮೊದಲನೆಯದಕ್ಕಿಂತ ಇದೇ ಹೆಚ್ಚು ಕಾಡುವುದು, ಏಕೆಂದರೆ ಒಂದೇ ಆಟದೊಳಗೆ ಮೂರ್ನಾಲ್ಕು ಬಗೆಯ ದೋಷಗಳು ಬೆರೆತಿರುತ್ತವೆ.

ರಿವಾ ಟ್ಯೂನರ್‌ನಂಥ ಸಾಧನದಿಂದ ಫ್ರೇಮ್ ರೇಟನ್ನು 60ಕ್ಕೆ ಕಟ್ಟಿಹಾಕಿದರೆ ಎಲ್ಲವೂ ಸರಿಹೋಗುತ್ತದೆ. ಆಡುವುದಷ್ಟೇ ಉದ್ದೇಶವಾದರೆ ಇಲ್ಲಿಗೇ ನಿಲ್ಲಬಹುದು, ಅದರಲ್ಲಿ ತಪ್ಪೇನಿಲ್ಲ. ನನಗೆ ಬೇಕಾಗಿದ್ದದ್ದು 144ರ ನಯವಾದ ಚಲನೆ ಮತ್ತು 60ರ ನಡವಳಿಕೆ, ಎರಡೂ ಒಟ್ಟಿಗೆ.

ಕಾಲವನ್ನು ಆಟ ಎಲ್ಲಿ ಅಳೆಯುತ್ತದೆ ಎಂಬುದನ್ನು ಮೊದಲು ಹುಡುಕಬೇಕು. ಪ್ರೋಗ್ರಾಂ ಹೊರಗಿನಿಂದ ಎರವಲು ಪಡೆಯುವ ಫಂಕ್ಷನ್‌ಗಳ ಪಟ್ಟಿಯನ್ನು x32dbgಯಲ್ಲಿ ತೆರೆದಾಗ `timeGetTime` ಕಂಡಿತು. ಅದನ್ನು ಕರೆಯುವ ಜಾಗಗಳು ಕೆಲವೇ ಇದ್ದವು. ಅವುಗಳಲ್ಲಿ ಒಂದರ ಪಕ್ಕದಲ್ಲಿ `0x3A83126F` ಎಂಬ ಸ್ಥಿರಾಂಕದಿಂದ ಗುಣಿಸುವ ಸಾಲಿತ್ತು. ಇದು 0.001 ಎಂಬ ದಶಮಾಂಶದ 32 ಬಿಟ್ ರೂಪ. ಅಂದರೆ ಮಿಲಿಸೆಕೆಂಡುಗಳನ್ನು ಸೆಕೆಂಡುಗಳಾಗಿ ಬದಲಿಸಿ, ಹಿಂದಿನ ಫ್ರೇಮ್‌ನಿಂದ ಈ ಫ್ರೇಮ್‌ವರೆಗೆ ಕಳೆದ ಕಾಲವನ್ನು ಒಂದು ಜಾಗತಿಕ ಚರದಲ್ಲಿ ಇಡಲಾಗುತ್ತದೆ. ಮುಂದೆ ಅದನ್ನು `g_dt` ಎಂದು ಕರೆಯುತ್ತೇನೆ. ಅದೇ ಫಂಕ್ಷನ್‌ನ ಕರೆಗಾರನನ್ನು ಹಿಂಬಾಲಿಸಿದರೆ ಮುಖ್ಯ ಲೂಪ್ ಸಿಗುತ್ತದೆ: ವಿಂಡೋಸ್ ಸಂದೇಶಗಳನ್ನು ಓದು, ಗಡಿಯಾರ ನೋಡು, ಕೀಲಿಗಳನ್ನು ನೋಡು, ಜಗತ್ತನ್ನು ಮುಂದಕ್ಕೆ ನಡೆಸು, ಚಿತ್ರ ಬಿಡಿಸು, ಮತ್ತೆ ಮೊದಲಿನಿಂದ.

ಇಲ್ಲೇ ಮೊದಲ ದೋಷವೂ ಇದೆ. `timeGetTime` ಕೊಡುವುದು ಪೂರ್ಣ ಮಿಲಿಸೆಕೆಂಡುಗಳನ್ನು. 144 ಹರ್ಟ್ಸ್‌ನಲ್ಲಿ ಒಂದು ಫ್ರೇಮ್‌ಗೆ 6.94 ಮಿಲಿಸೆಕೆಂಡು ಆಗುವುದರಿಂದ ಆಟಕ್ಕೆ ಕಾಣುವುದು ಒಮ್ಮೆ 7, ಒಮ್ಮೆ 6. ಮೆನುವಿನಲ್ಲಿ ಫ್ರೇಮ್ ರೇಟ್ ಸಾವಿರ ದಾಟಿದರೆ ಕೆಲವು ಫ್ರೇಮ್‌ಗಳಿಗೆ ಸೊನ್ನೆ ಸಿಗುತ್ತದೆ. ಎಲ್ಲೋ ಒಂದು ಕಡೆ ದೂರವನ್ನು ಕಾಲದಿಂದ ಭಾಗಿಸಿ ವೇಗ ಕಂಡುಹಿಡಿಯುವ ಸಾಲಿದ್ದರೆ ಸೊನ್ನೆಯಿಂದ ಭಾಗಿಸಿದಂತಾಗಿ, ಸಂಖ್ಯೆಯೇ ಅಲ್ಲದ ಮೌಲ್ಯವೊಂದು ಹುಟ್ಟಿ, ಅದು ಸೋಂಕಿನಂತೆ ಹರಡಿ ಪಾತ್ರವೇ ಪರದೆಯಿಂದ ಮಾಯವಾಗುತ್ತದೆ. ಇದರ ಮೇಲೆ ಇನ್ನೊಂದು ತೊಡಕಿದೆ. ಆಟ `timeBeginPeriod(1)` ಎಂದು ಕೇಳಿಕೊಳ್ಳದಿದ್ದರೆ ಈ ಗಡಿಯಾರ ಸುಮಾರು 15.6 ಮಿಲಿಸೆಕೆಂಡಿಗೆ ಒಮ್ಮೆ ಮಾತ್ರ ಮುಂದೆ ಹೋಗಬಹುದು. ಹಿಂದೆ ಬೇರೆ ಯಾವುದೋ ಪ್ರೋಗ್ರಾಂ ಅದನ್ನು ಕೇಳಿಕೊಂಡಿದ್ದರೆ ಅದರ ಲಾಭ ಇಡೀ ಯಂತ್ರಕ್ಕೆ ಸಿಗುತ್ತಿತ್ತು. ವಿಂಡೋಸ್ 10ರ 2004ನೆಯ ಆವೃತ್ತಿಯಿಂದ ಈ ಕೋರಿಕೆ ಕೇಳಿದ ಪ್ರೋಗ್ರಾಂಗೆ ಮಾತ್ರ ಸೀಮಿತವಾಯಿತು. ಬ್ರೌಸರ್ ತೆರೆದಿದ್ದಾಗ ನಯವಾಗಿ ಓಡುತ್ತಿದ್ದ ಹಳೆಯ ಆಟವೊಂದು ವಿಂಡೋಸ್ ನವೀಕರಣದ ನಂತರ ಕುಂಟತೊಡಗಿದರೆ ಈ ಬದಲಾವಣೆಯನ್ನೂ ಶಂಕಿಸಬೇಕು. ಗಡಿಯಾರವನ್ನು `QueryPerformanceCounter`ಗೆ ಬದಲಿಸುವುದು ಸುಲಭದ ಕೆಲಸ. ಅದನ್ನು ಮಾಡಿದ ಮೇಲೆಯೂ ನಾಯಕ ಕಾಲೆಳೆಯುವುದು ನಿಲ್ಲಲಿಲ್ಲ.

ನಡಿಗೆಯ ವೇಗ ಸ್ಮರಣೆಯಲ್ಲಿ ಎಲ್ಲಿದೆ ಎಂಬುದನ್ನು ಚೀಟ್ ಎಂಜಿನ್‌ನಲ್ಲಿ ಹುಡುಕಿದೆ. ನಿಂತಾಗ ಸೊನ್ನೆ, ಓಡುವಾಗ ಏರುವ ದಶಮಾಂಶ ಎಂದು ಶೋಧವನ್ನು ಕಿರಿದಾಗಿಸುತ್ತಾ ಹೋದರೆ ಬೇಗ ಸಿಗುತ್ತದೆ. 60 ಹರ್ಟ್ಸ್‌ನಲ್ಲಿ ಈ ಸಂಖ್ಯೆ 5.75ಕ್ಕೆ ಬಂದು ನಿಲ್ಲುತ್ತಿತ್ತು, 144ರಲ್ಲಿ 2.4ರ ಆಸುಪಾಸಿನಲ್ಲೇ ಉಳಿಯುತ್ತಿತ್ತು. ಆ ವಿಳಾಸಕ್ಕೆ ಬರೆಯುವ ಸೂಚನೆ ಯಾವುದೆಂದು ಕೇಳಿದಾಗ ಈ ಮೂರು ಸಾಲುಗಳು ಎದುರಾದವು.

```
fld   dword ptr [esi+34h]
fmul  dword ptr [005D2A18h]
fstp  dword ptr [esi+34h]
```

ಆ ವಿಳಾಸದಲ್ಲಿದ್ದ ಮೌಲ್ಯ `0x3F6B851F`, ಅಂದರೆ 0.92. ಇದೇ ಘರ್ಷಣೆ. ಪ್ರತಿ ಫ್ರೇಮ್‌ನಲ್ಲಿ ಆಟ ವೇಗಕ್ಕೆ 30 ಗುಣಿಸು `g_dt`ಯಷ್ಟನ್ನು ಕೂಡಿಸುತ್ತದೆ, ನಂತರ ಒಟ್ಟನ್ನು 0.92ರಿಂದ ಗುಣಿಸುತ್ತದೆ. ಕೂಡುವಾಗ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ, ಕಳೆಯುವಾಗ ಮರೆತಿದ್ದಾರೆ. ಕೂಡಿದ್ದೂ ಕಳೆದದ್ದೂ ಸಮವಾಗುವ ಹಂತದಲ್ಲಿ ವೇಗ ಸ್ಥಿರವಾಗುತ್ತದೆ. ಆ ವೇಗ 30 × `g_dt` × 0.92 ÷ 0.08. `g_dt`ಗೆ 1/60 ಹಾಕಿದರೆ 5.75 ಬರುತ್ತದೆ, 1/144 ಹಾಕಿದರೆ 2.40 ಬರುತ್ತದೆ. ಚೀಟ್ ಎಂಜಿನ್ ತೋರಿಸಿದ ಎರಡೂ ಸಂಖ್ಯೆಗಳು ಈ ಒಂದು ಸೂತ್ರದಿಂದ ಬಂದದ್ದರಿಂದ ರೋಗ ಇದೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಇದಕ್ಕೆ ಎಲ್ಲರೂ ಹೇಳುವ ಮದ್ದು 0.92ರ ಬದಲು 0.92ರ ಘಾತವನ್ನು ಬಳಸುವುದು, ಅಂದರೆ `pow(0.92, g_dt * 60)`. 144ರಲ್ಲಿ ಇದು 0.9659 ಆಗುತ್ತದೆ. ಸ್ಥಿರಾಂಕವನ್ನು ಅದು ಇರುವ ಜಾಗದಲ್ಲೇ ತಿದ್ದಲು ಹೋಗಬಾರದು ಎಂಬ ಎಚ್ಚರಿಕೆ ಇಲ್ಲಿ ಅಗತ್ಯ. ಒಂದೇ ದಶಮಾಂಶ ಹಲವು ಕಡೆ ಬಂದರೆ ಕಂಪೈಲರ್ ಅದನ್ನು ಒಂದೇ ಜಾಗದಲ್ಲಿಟ್ಟು ಎಲ್ಲರಿಗೂ ಹಂಚಬಹುದು. ಈ ಆಟದಲ್ಲಿ ಅದೇ 0.92 ಸಂಗೀತದ ದನಿಯನ್ನು ತಗ್ಗಿಸುವ ಕಡೆಯೂ ಬಳಕೆಯಾಗಿತ್ತು. ಗುಣಾಕಾರದ ಸೂಚನೆಯನ್ನೇ ನಮ್ಮ ಕೋಡ್‌ಗೆ ತಿರುಗಿಸಬೇಕು, ಸಂಖ್ಯೆಯನ್ನು ಮುಟ್ಟಬಾರದು.

ಘಾತದ ಮದ್ದಿನಿಂದ ನಡಿಗೆ ಕಣ್ಣಿಗೆ ಸರಿಹೋಯಿತು. ಆದರೆ ಲೆಕ್ಕ ಹಾಕಿದರೆ 144ರಲ್ಲಿ ಸ್ಥಿರವೇಗ 5.89 ಬರುತ್ತದೆ, 5.75 ಅಲ್ಲ. ಘಾತವು ಘರ್ಷಣೆಯನ್ನು ಮಾತ್ರ ಸರಿಪಡಿಸುತ್ತದೆ. ಕೂಡುವುದು ಮತ್ತು ಗುಣಿಸುವುದು ಒಂದರ ಹಿಂದೊಂದು ತುಂಡುತುಂಡಾಗಿ ನಡೆಯುವುದರಿಂದ ಆಗುವ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ. ಎರಡೂವರೆ ಶೇಕಡಾ ಹೆಚ್ಚು ಎಂದರೆ ಸುಮ್ಮನೆ ಆಡುವವರಿಗೆ ತಿಳಿಯದು, ಕಾಲದ ದಾಖಲೆಗಾಗಿ ಆಡುವವರಿಗೆ ಅದು ಬಹಳ ದೊಡ್ಡದು. ಈ ಹಂತದಲ್ಲೇ ಬಿಡಿಬಿಡಿಯಾಗಿ ತೇಪೆ ಹಾಕುವ ದಾರಿಯ ಬಗ್ಗೆ ನನಗೆ ಅನುಮಾನ ಶುರುವಾಯಿತು. ಕಟ್ಟೆಯನ್ನು ನೋಡಿದ ಮೇಲೆ ಅನುಮಾನ ಖಚಿತವಾಯಿತು.

ಜಿಗಿತದ ಕೋಡ್‌ನಲ್ಲಿ ಮರೆವು ಎಂಬುದೇ ಇಲ್ಲ. ಜಿಗಿದ ಕ್ಷಣ ಮೇಲ್ಮುಖ ವೇಗ 7 ಆಗುತ್ತದೆ. ನಂತರ ಪ್ರತಿ ಫ್ರೇಮ್‌ನಲ್ಲಿ ಎತ್ತರಕ್ಕೆ ವೇಗ ಗುಣಿಸು `g_dt` ಕೂಡುತ್ತದೆ, ಆಮೇಲೆ ವೇಗದಿಂದ 20 ಗುಣಿಸು `g_dt` ಕಳೆಯುತ್ತದೆ. ಎರಡೂ ಕಡೆ ಕಾಲ ಇದೆ, ಎರಡೂ ಸಾಲುಗಳು ನೋಡಲು ಸರಿಯಾಗಿವೆ. ಆದರೂ ಒಂದು ಫ್ರೇಮ್‌ನ ಉದ್ದಕ್ಕೂ ವೇಗ ಬದಲಾಗುವುದಿಲ್ಲ ಎಂದು ಈ ವಿಧಾನ ಭಾವಿಸುತ್ತದೆ. ಫ್ರೇಮ್‌ನ ಆರಂಭದ ವೇಗ, ಅಂದರೆ ಮೇಲೇರುವಾಗಿನ ಹೆಚ್ಚಿನ ವೇಗ, ಇಡೀ ಫ್ರೇಮ್‌ಗೆ ಅನ್ವಯವಾಗುವುದರಿಂದ ಜಿಗಿತ ನಿಜವಾದ ಲೆಕ್ಕಕ್ಕಿಂತ ತುಸು ಎತ್ತರ ಹೋಗುತ್ತದೆ. ಫ್ರೇಮ್ ಉದ್ದವಾದಷ್ಟೂ ಈ ಹೆಚ್ಚುವರಿ ದೊಡ್ಡದು. ಪಠ್ಯಪುಸ್ತಕದ ಸೂತ್ರದಂತೆ ಈ ಜಿಗಿತದ ಎತ್ತರ 1.225 ಮೀಟರ್ ಆಗಬೇಕು. 60ರಲ್ಲಿ ಹೆಜ್ಜೆ ಹೆಜ್ಜೆಯಾಗಿ ಕೂಡಿದರೆ 1.283, 120ರಲ್ಲಿ 1.254, 144ರಲ್ಲಿ 1.2494, 240ರಲ್ಲಿ ಸುಮಾರು 1.24.

ಕಟ್ಟೆಯ ಎತ್ತರ 1.25.

ಹಂತವನ್ನು ರೂಪಿಸಿದವರು 60ರಲ್ಲಿ ಪರೀಕ್ಷಿಸಿ, ಮೂರು ಸೆಂಟಿಮೀಟರ್‌ಗೂ ಹೆಚ್ಚು ಅವಕಾಶವಿದೆ ಎಂದು ನೆಮ್ಮದಿಯಿಂದ ಮುಂದೆ ಹೋಗಿರಬೇಕು. 144ರಲ್ಲಿ ನಾಯಕನ ಪಾದ ಒಂದು ಮಿಲಿಮೀಟರ್‌ಗಿಂತ ಕಡಿಮೆ ಅಂತರದಲ್ಲಿ ಸೋಲುತ್ತದೆ. 120 ಹರ್ಟ್ಸ್ ಮಾನಿಟರ್ ಇರುವವರಿಗೆ ಈ ಆಟದಲ್ಲಿ ಕಟ್ಟೆಯ ತೊಂದರೆಯೇ ಇಲ್ಲ. ಹಾಗಾಗಿ ಇಬ್ಬರು ಆಟಗಾರರು ಒಂದೇ ಆಟದ ಬಗ್ಗೆ ತದ್ವಿರುದ್ಧ ಮಾತು ಹೇಳಿದರೂ ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು. ಹಳೆಯ ಗಡಿಯಾರದೊಂದಿಗೆ 6 ಮತ್ತು 7 ಮಿಲಿಸೆಕೆಂಡುಗಳು ಬೆರೆತು ಬರುತ್ತಿದ್ದಾಗಲೂ ಎತ್ತರ 1.25ನ್ನು ಮುಟ್ಟುತ್ತಿರಲಿಲ್ಲ. ಗಡಿಯಾರವನ್ನು ನಿಖರಗೊಳಿಸಿದ ಮೇಲೂ ಸೋಲು ತಪ್ಪಲಿಲ್ಲ. ಒಂದು ದೋಷ ಸರಿಪಡಿಸಿದರೂ ಇನ್ನೊಂದು ಹಾಗೆಯೇ ಉಳಿಯುವುದು ಈ ಕೆಲಸದಲ್ಲಿ ಮಾಮೂಲು.

ಇಲ್ಲಿ ಗುಣಿಸಲು ಯಾವ ಸಂಖ್ಯೆಯೂ ಇಲ್ಲ. ಜಿಗಿತದ ಸಾಲನ್ನು ಹೆಚ್ಚು ನಿಖರವಾದ ವಿಧಾನಕ್ಕೆ ಬದಲಿಸಿದರೆ ಎಲ್ಲ ಫ್ರೇಮ್ ರೇಟ್‌ಗಳಲ್ಲಿಯೂ ಎತ್ತರ 1.225 ಆಗುತ್ತದೆ, ಆಗ ಕಟ್ಟೆ ಯಾರಿಗೂ ಸಿಗುವುದಿಲ್ಲ. ಹಂತಗಳನ್ನು ಕಟ್ಟಿದ್ದು 60ರ ತಪ್ಪು ಲೆಕ್ಕದ ಮೇಲೆ. ಆಟಕ್ಕೆ ಬೇಕಾಗಿರುವುದು ಆ ತಪ್ಪೇ.

ಇದೇ ತತ್ವ ಇನ್ನೂ ತೀಕ್ಷ್ಣವಾಗಿ ಕಾಣುವುದು 1999ರ ಕ್ವೇಕ್ 3 ಅರೀನಾದಲ್ಲಿ. ಅದರ ಮೂಲ ಕೋಡ್ 2005ರಲ್ಲಿ ಬಿಡುಗಡೆಯಾಗಿರುವುದರಿಂದ ಊಹೆಗೆ ಅವಕಾಶವಿಲ್ಲ. ಅಲ್ಲಿ ಫ್ರೇಮ್‌ನ ಕಾಲವನ್ನು ಪೂರ್ಣ ಮಿಲಿಸೆಕೆಂಡುಗಳಲ್ಲಿ ಇಡುತ್ತಾರೆ, ಮತ್ತು ಪ್ರತಿ ಹೆಜ್ಜೆಯ ಕೊನೆಯಲ್ಲಿ ವೇಗವನ್ನು ಹತ್ತಿರದ ಪೂರ್ಣಾಂಕಕ್ಕೆ ತರುತ್ತಾರೆ. ಗುರುತ್ವ 800. ಸೆಕೆಂಡಿಗೆ 125 ಫ್ರೇಮ್ ಎಂದರೆ ಒಂದು ಹೆಜ್ಜೆಗೆ 8 ಮಿಲಿಸೆಕೆಂಡು, ಕಳೆಯಬೇಕಾದದ್ದು 6.4, ಪೂರ್ಣಾಂಕಕ್ಕೆ ತಂದಾಗ ಕಳೆಯುವುದು 6. ಹಾಗಾಗಿ ಗುರುತ್ವ 750ರಂತೆ ವರ್ತಿಸುತ್ತದೆ. 16 ಮಿಲಿಸೆಕೆಂಡಿನ ಹೆಜ್ಜೆಯಲ್ಲಿ 12.8 ಕಳೆಯುವ ಬದಲು 13 ಕಳೆಯುವುದರಿಂದ ಅದು 812.5 ಆಗುತ್ತದೆ. ಆಟಗಾರರು `com_maxfps 125` ಎಂದು ಹಾಕಿಕೊಂಡು ಹೆಚ್ಚು ಎತ್ತರ ಜಿಗಿಯುತ್ತಿದ್ದುದರ ಗುಟ್ಟು ಇದೇ. ಇದಕ್ಕೆ ಆ ಆಟದಲ್ಲೇ ಇರುವ ಪರಿಹಾರ `pmove_fixed`: ಚಿತ್ರ ಎಷ್ಟು ವೇಗದಲ್ಲಿ ಬಿಡಿಸಿದರೂ ಚಲನೆಯ ಲೆಕ್ಕವನ್ನು `pmove_msec`ನಲ್ಲಿ ಹೇಳಿದ ಒಂದೇ ಅಳತೆಯ ಹೆಜ್ಜೆಗಳಲ್ಲಿ ಮಾಡುವುದು. ಗುರುತ್ವದ ಸಂಖ್ಯೆಯನ್ನು ಯಾರೂ ತಿದ್ದಲು ಹೋಗಲಿಲ್ಲ, ಹೆಜ್ಜೆಯನ್ನು ಕಟ್ಟಿಹಾಕಿದರು.

ನಾನೂ ಅದೇ ದಾರಿಯನ್ನು ಆರಿಸಿಕೊಂಡೆ. ಘಾತದ ತೇಪೆಯನ್ನು ಕಿತ್ತುಹಾಕಿ, ಆಟದ ಲೆಕ್ಕವನ್ನು ಮೊದಲಿದ್ದಂತೆಯೇ ಬಿಟ್ಟೆ. ಜಗತ್ತು ಸೆಕೆಂಡಿಗೆ ಸರಿಯಾಗಿ 60 ಬಾರಿ ಮುಂದೆ ಹೋಗಬೇಕು, ಚಿತ್ರ ಮಾತ್ರ ಮಾನಿಟರ್‌ನ ವೇಗಕ್ಕೆ ಬರಬೇಕು. 60 ಎಂಬುದು ಊಹೆಯಲ್ಲ ಎಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕೆಲವು ಆಟಗಳ ಮೂಲ ಹೆಜ್ಜೆ 30 ಆಗಿರುತ್ತದೆ. ಪ್ರೋಗ್ರಾಂನಲ್ಲಿ `0x3C888889`, ಅಂದರೆ 1/60, ಎರಡು ಕಡೆ ಸಿಕ್ಕಿತು. ಬಾಗಿಲುಗಳ ಎಣಿಕೆ 180ರಿಂದ ಶುರುವಾಗಿ ಪ್ರತಿ ಫ್ರೇಮ್‌ಗೆ ಒಂದರಂತೆ ಇಳಿಯುತ್ತಿತ್ತು, ಮತ್ತು ಬಾಗಿಲಿನ ಸದ್ದಿನ ಉದ್ದ ಸರಿಯಾಗಿ ಮೂರು ಸೆಕೆಂಡು ಇತ್ತು.

ಆಟದ ಫೋಲ್ಡರ್‌ನಲ್ಲಿ `dinput8.dll` ಎಂಬ ಹೆಸರಿನ ನಮ್ಮದೇ ಫೈಲ್ ಇಟ್ಟರೆ ಆಟ ಶುರುವಾಗುವಾಗ ಅದನ್ನೇ ಎತ್ತಿಕೊಳ್ಳುತ್ತದೆ. ನಮ್ಮ ಫೈಲ್ ವಿಂಡೋಸ್‌ನ ಅಸಲಿ ಫೈಲ್‌ಗೆ ಕರೆಗಳನ್ನು ದಾಟಿಸಿ, ಜೊತೆಗೆ ಮುಖ್ಯ ಲೂಪ್‌ನಲ್ಲಿ ಕೀಲಿ ನೋಡುವ ಕರೆಯನ್ನೂ ಜಗತ್ತನ್ನು ನಡೆಸುವ ಕರೆಯನ್ನೂ ನಮ್ಮ ಫಂಕ್ಷನ್‌ಗೆ ತಿರುಗಿಸುತ್ತದೆ. ಮೂಲ ಪ್ರೋಗ್ರಾಂ ಫೈಲನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ. ಒಳಗಿನ ತಿರುಳು ಇಷ್ಟೇ:

```
acc += (now - last) * 60;
last = now;
if (acc > freq * 6) acc = freq * 6;
while (acc >= freq) {
    PollInput();
    SavePrev();
    *g_dt = 1.0f / 60.0f;
    Game_Update();
    acc -= freq;
}
alpha = (float)acc / (float)freq;
```

`now` ಮತ್ತು `freq` ಎರಡೂ `QueryPerformanceCounter` ಕುಟುಂಬದಿಂದ ಬಂದ 64 ಬಿಟ್ ಪೂರ್ಣಾಂಕಗಳು. ಕಳೆದ ಕಾಲವನ್ನು 60ರಿಂದ ಗುಣಿಸಿ ಕೂಡಿಡುವುದರಿಂದ ಒಂದು ಹೆಜ್ಜೆಯ ಬೆಲೆ ಸರಿಯಾಗಿ `freq` ಆಗುತ್ತದೆ, ಎಲ್ಲಿಯೂ ದಶಮಾಂಶದ ಶೇಷ ಸೋರಿಹೋಗುವುದಿಲ್ಲ. ಪೂರ್ಣಾಂಕಗಳನ್ನೇ ಬಳಸಲು ಇನ್ನೊಂದು ಕಾರಣವಿದೆ. ಡೈರೆಕ್ಟ್3ಡಿ 9 ಸಾಧನವನ್ನು ತೆರೆಯುವಾಗ ಆಟ `D3DCREATE_FPU_PRESERVE` ಎಂದು ಕೇಳದಿದ್ದರೆ, ಅದು ಪ್ರೊಸೆಸರ್‌ನ ಹಳೆಯ ದಶಮಾಂಶ ಘಟಕವನ್ನು ಕಡಿಮೆ ನಿಖರತೆಗೆ ಇಳಿಸುತ್ತದೆ. ಆ ಘಟಕವನ್ನು ಬಳಸುವಂತೆ ನಮ್ಮ ಕೋಡನ್ನು ಕಂಪೈಲ್ ಮಾಡಿದ್ದರೆ, `double` ಎಂದು ಬರೆದಿದ್ದರೂ ಸಿಗುವುದು 24 ಬಿಟ್‌ಗಳ ನಿಖರತೆ ಮಾತ್ರ. ಯಂತ್ರ ಶುರುವಾದಾಗಿನಿಂದ ಎಣಿಸಿದ ದೊಡ್ಡ ಸಂಖ್ಯೆಗಳನ್ನು ಅದರಲ್ಲಿಟ್ಟರೆ ಫ್ರೇಮ್‌ನ ಕಾಲ ಪೂರ್ತಿ ಕಳೆದುಹೋಗಬಹುದು. ಮೂರನೆಯ ಸಾಲಿನ ಮಿತಿ ಹಂತ ಲೋಡ್ ಆಗುವ ಸಮಯಕ್ಕಾಗಿ. ಎಂಟು ಸೆಕೆಂಡು ಲೋಡ್ ಆದ ಮೇಲೆ 480 ಹೆಜ್ಜೆಗಳನ್ನು ಒಂದೇ ಉಸಿರಿಗೆ ನಡೆಸಿದರೆ ನಾಯಕ ಕಣ್ಣು ಬಿಡುವ ಮೊದಲೇ ಸತ್ತಿರುತ್ತಾನೆ; ಆರು ಹೆಜ್ಜೆಗಿಂತ ಹೆಚ್ಚಿನದನ್ನು ಕೈಬಿಡುವುದೇ ಸರಿ.

ಕೀಲಿ ನೋಡುವ ಕರೆಯನ್ನು ಲೂಪ್‌ನ ಒಳಗೆ ತಂದದ್ದನ್ನು ಗಮನಿಸಿ. ಅದನ್ನು ಹೊರಗೆ, ಮೊದಲಿದ್ದ ಜಾಗದಲ್ಲೇ ಬಿಟ್ಟು ನೋಡಿದಾಗ ಐದು ಬಾರಿ ಒತ್ತಿದರೆ ಸರಾಸರಿ ಎರಡು ಬಾರಿ ಮಾತ್ರ ಜಿಗಿತವಾಗುತ್ತಿತ್ತು. ಕಾರಣ ಸರಳ. ಕೀಲಿ ಈಗ ತಾನೇ ಒತ್ತಲ್ಪಟ್ಟಿತು ಎಂಬ ಗುರುತು ಒಂದೇ ಫ್ರೇಮ್ ಬದುಕುತ್ತದೆ. 144 ಫ್ರೇಮ್‌ಗಳಲ್ಲಿ ಜಗತ್ತು ಮುಂದೆ ಹೋಗುವುದು 60ರಲ್ಲಿ ಮಾತ್ರ. ಉಳಿದ 84ರಲ್ಲಿ ಒತ್ತಿದ್ದನ್ನು ನೋಡುವವರೇ ಇಲ್ಲ, ಮುಂದಿನ ಫ್ರೇಮ್‌ಗೆ ಗುರುತು ಅಳಿಸಿಹೋಗಿರುತ್ತದೆ. ಫ್ರೇಮ್ ರೇಟ್ 30ಕ್ಕೆ ಇಳಿದಾಗ ಇದರ ಉಲ್ಟಾ ಆಗುತ್ತದೆ: ಒಂದು ಫ್ರೇಮ್‌ಗೆ ಎರಡು ಹೆಜ್ಜೆ, ಒಂದೇ ಒತ್ತಿಗೆ ಎರಡು ಬಾರಿ ಮೆನು ಇಳಿಯುತ್ತದೆ. ಹೆಜ್ಜೆಗೊಮ್ಮೆ ಕೀಲಿ ನೋಡಿದರೆ ಎರಡೂ ಒಟ್ಟಿಗೆ ಸರಿಹೋಗುತ್ತವೆ.

ಇಷ್ಟಾದ ಮೇಲೆ ಆಟದ ನಡವಳಿಕೆ 60ರದ್ದೇ ಆಯಿತು, ಆದರೆ ಕಣ್ಣಿಗೆ ಮೊದಲಿಗಿಂತ ಕೆಟ್ಟದಾಗಿ ಕಂಡಿತು. 144ರಲ್ಲಿ 60 ಹೆಜ್ಜೆಗಳನ್ನು ಹಂಚಿದಾಗ ಕೆಲವು ಸ್ಥಿತಿಗಳು ಎರಡು ಫ್ರೇಮ್ ಕಾಲ, ಕೆಲವು ಮೂರು ಫ್ರೇಮ್ ಕಾಲ ಪರದೆಯ ಮೇಲೆ ನಿಲ್ಲುತ್ತವೆ. ಕ್ಯಾಮೆರಾ ತಿರುಗಿಸಿದಾಗ ಈ ಅಸಮತೆ ನಡುಕವಾಗಿ ಕಾಣುತ್ತದೆ. `alpha` ಇರುವುದು ಇದಕ್ಕಾಗಿಯೇ. ಪ್ರತಿ ಹೆಜ್ಜೆಗೆ ಮೊದಲು ಹಳೆಯ ಸ್ಥಾನಗಳನ್ನು ನಕಲು ಮಾಡಿಡುತ್ತೇವೆ. ಚಿತ್ರ ಬಿಡಿಸುವ ಮುನ್ನ ಹಳೆಯ ಸ್ಥಾನ ಮತ್ತು ಹೊಸ ಸ್ಥಾನದ ನಡುವೆ `alpha`ದಷ್ಟು ದೂರದ ಬಿಂದುವನ್ನು ವಸ್ತುವಿನ ಸ್ಥಾನವಾಗಿ ಬರೆದು, ಚಿತ್ರ ಮುಗಿದ ತಕ್ಷಣ ನಿಜವಾದ ಸ್ಥಾನವನ್ನು ಮರಳಿಸುತ್ತೇವೆ. ಮರಳಿಸುವುದನ್ನು ಬಿಟ್ಟರೆ ಸುಳ್ಳು ಸ್ಥಾನ ಮುಂದಿನ ಹೆಜ್ಜೆಯ ಲೆಕ್ಕಕ್ಕೆ ಸೇರಿ, ನಾಯಕ ನೆಲದೊಳಗೆ ಇಳಿಯತೊಡಗುತ್ತಾನೆ.

ಹೀಗೆ ಮಾಡುವುದರಿಂದ ಪರದೆಯ ಮೇಲೆ ಕಾಣುವುದು ಯಾವಾಗಲೂ ಗರಿಷ್ಠ ಒಂದು ಹೆಜ್ಜೆ, ಅಂದರೆ 16.7 ಮಿಲಿಸೆಕೆಂಡು, ಹಿಂದಿನ ಸ್ಥಿತಿ. ಈ ಬೆಲೆ ಕೊಡಲು ನನಗೆ ಅಭ್ಯಂತರವಿಲ್ಲ; ಮುಂದಿನ ಸ್ಥಾನವನ್ನು ಊಹಿಸಿ ಬಿಡಿಸುವ ಪರ್ಯಾಯದಲ್ಲಿ ಪಾತ್ರಗಳು ಗೋಡೆಗೆ ಡಿಕ್ಕಿ ಹೊಡೆದಾಗಲೆಲ್ಲ ಒಂದು ಕ್ಷಣ ಒಳಗೆ ಹೊಕ್ಕು ಹಿಂದೆ ಬರುತ್ತವೆ. ಆದ್ಯತೆಯ ವಿಷಯಕ್ಕೆ ಬಂದರೆ ಮೊದಲು ಕ್ಯಾಮೆರಾ, ನಂತರ ನಾಯಕ, ಆಮೇಲೆ ಉಳಿದವರು. ಕ್ಯಾಮೆರಾ ಮತ್ತು ನಾಯಕ ಇಬ್ಬರನ್ನೂ ಒಟ್ಟಿಗೇ ಸೇರಿಸಬೇಕು. ಕ್ಯಾಮೆರಾವನ್ನು ಮಾತ್ರ ನಯಗೊಳಿಸಿದರೆ ನಾಯಕ ಅದರ ಎದುರು ಅದುರುತ್ತಾನೆ. ಕೋನಗಳಲ್ಲಿ ಹತ್ತಿರದ ದಿಕ್ಕನ್ನು ಆರಿಸುವುದು ಅಗತ್ಯ, ಇಲ್ಲವಾದರೆ 359 ಡಿಗ್ರಿಯಿಂದ 1 ಡಿಗ್ರಿಗೆ ಹೋಗುವಾಗ ಕ್ಯಾಮೆರಾ ಇಡೀ ಜಗತ್ತನ್ನು ಒಮ್ಮೆ ಸುತ್ತಿ ಬರುತ್ತದೆ. ದೃಶ್ಯ ಬದಲಾದಾಗ ಅಥವಾ ನಾಯಕ ಬೇರೆಡೆ ಹಾರಿ ಬಿದ್ದಾಗ ಎರಡು ಸ್ಥಾನಗಳ ನಡುವಿನ ಅಂತರ ಎರಡು ಮೀಟರ್ ಮೀರಿದರೆ ಬೆರೆಸದೆ ಹೊಸ ಸ್ಥಾನವನ್ನೇ ತೋರಿಸುವ ನಿಯಮ ಇಟ್ಟೆ. ಓಡುವ ವೇಗ ಸೆಕೆಂಡಿಗೆ 5.75 ಮೀಟರ್ ಆದ್ದರಿಂದ ಒಂದು ಹೆಜ್ಜೆಯಲ್ಲಿ ಹತ್ತು ಸೆಂಟಿಮೀಟರ್ ಕೂಡ ಆಗುವುದಿಲ್ಲ, ಎರಡು ಮೀಟರ್ ಸಾಕಷ್ಟು ಸುರಕ್ಷಿತ.

ಜಲಪಾತ ಮಾತ್ರ ಇನ್ನೂ ಓಡುತ್ತಿತ್ತು. ನೀರಿನ ಚಿತ್ರವನ್ನು ಜಾರಿಸುವ ಸಾಲು ಜಗತ್ತನ್ನು ನಡೆಸುವ ಭಾಗದಲ್ಲಿರದೆ ಚಿತ್ರ ಬಿಡಿಸುವ ಫಂಕ್ಷನ್‌ನ ಒಳಗಿತ್ತು. ಆ ಚರದ ಮೇಲೆ ಬರಹದ ಬ್ರೇಕ್‌ಪಾಯಿಂಟ್ ಇಟ್ಟಾಗ ಪ್ರತಿ ಚಿತ್ರಕ್ಕೆ 0.004 ಕೂಡುವ ಸಾಲು ಸಿಕ್ಕಿತು. ಇದು ಬರೀ ಕೂಡುವ ಲೆಕ್ಕ, ಯಾವುದೂ ಇದರ ಮೇಲೆ ನಿಂತಿಲ್ಲ. ಇಲ್ಲಿ ಹಳೆಯ ಸರಳ ಮದ್ದೇ ಸಾಕು. 0.004ರ ಬದಲು ಸೆಕೆಂಡಿಗೆ 0.24ರಂತೆ, ಚಿತ್ರಗಳ ನಡುವೆ ನಿಜವಾಗಿ ಕಳೆದ ಕಾಲದಿಂದ ಗುಣಿಸಿದ್ದನ್ನು ಕೂಡಿಸಿದೆ. ಮೆನುವಿನ ಮಸುಕು ಮತ್ತು ದೂಳಿನ ಕಣಗಳೂ ಇದೇ ಜಾತಿಯವು. ಇಂಥವುಗಳನ್ನು ಹುಡುಕಲು ಸುಲಭದ ಉಪಾಯವಿದೆ: ನಮ್ಮ ಫೈಲ್‌ನಲ್ಲಿ ಒಂದು ಕೀಲಿ ಒತ್ತಿದಾಗ `Game_Update` ಪೂರ್ತಿ ನಿಲ್ಲುವಂತೆ ಮಾಡಿ, ಪರದೆಯ ಮೇಲೆ ಇನ್ನೂ ಏನೇನು ಅಲುಗುತ್ತಿದೆ ಎಂದು ನೋಡುವುದು. ಅಲುಗುವುದೆಲ್ಲ ಚಿತ್ರದ ಭಾಗದಲ್ಲಿ ಬಚ್ಚಿಟ್ಟುಕೊಂಡಿರುವ ಲೆಕ್ಕ.

ಪರೀಕ್ಷೆಗೆ ಕಣ್ಣನ್ನು ನಂಬಲಿಲ್ಲ. ಪ್ರತಿ ಜಿಗಿತದ ಗರಿಷ್ಠ ಎತ್ತರವನ್ನೂ ಓಟದ ಸ್ಥಿರವೇಗವನ್ನೂ ಒಂದು ಪಠ್ಯ ಫೈಲ್‌ಗೆ ಬರೆಯಿಸಿ, ಫ್ರೇಮ್ ರೇಟನ್ನು 30, 60, 75, 144, 240ಕ್ಕೆ ಕಟ್ಟಿ ಆಡಿದೆ. ಐದರಲ್ಲಿಯೂ ಎತ್ತರ 1.2833, ವೇಗ 5.75. 75ನ್ನು ಬೇಕೆಂದೇ ಸೇರಿಸಿದ್ದು, ಏಕೆಂದರೆ 60ಕ್ಕೆ ಇಷ್ಟು ಹತ್ತಿರವಿರುವಲ್ಲಿ ಬೆರಕೆಯ ದೋಷಗಳು ನಿಧಾನವಾದ ಅಲೆಯಂತೆ ಕಾಣುತ್ತವೆ. 240ರಲ್ಲಿ ಒಂದು ಹೆಜ್ಜೆಗೆ ಸರಿಯಾಗಿ ನಾಲ್ಕು ಚಿತ್ರಗಳು ಬೀಳುವುದರಿಂದ ಅವು ಅಡಗಿಕೊಳ್ಳುತ್ತವೆ.

ಈ ದಾರಿ ಎಲ್ಲ ಆಟಗಳಿಗೆ ನಡೆಯುವುದಿಲ್ಲ. ಜಗತ್ತನ್ನು ನಡೆಸುವುದೂ ಚಿತ್ರ ಬಿಡಿಸುವುದೂ ಒಂದೇ ಫಂಕ್ಷನ್‌ನಲ್ಲಿ ಹೆಣೆದುಕೊಂಡಿದ್ದು, ಪ್ರತಿ ವಸ್ತುವೂ ತನ್ನನ್ನು ನಡೆಸಿಕೊಂಡ ಕೂಡಲೇ ಬಿಡಿಸಿಕೊಳ್ಳುವ ಆಟಗಳಲ್ಲಿ ಅವೆರಡನ್ನು ಕತ್ತರಿಸಲು ಸ್ಪಷ್ಟ ಗಡಿಯೇ ಸಿಗುವುದಿಲ್ಲ. ಅಲ್ಲಿ 60ರ ಮಿತಿಯೇ ಉತ್ತಮ. ಬೇರೆಯವರೊಂದಿಗೆ ಜಾಲದ ಮೇಲೆ ಆಡುವ ಆಟಗಳಲ್ಲಿ ಇಂಥ ಫೈಲನ್ನು ಸೇರಿಸಲೇಬಾರದು: ಮೋಸ ತಡೆಯುವ ವ್ಯವಸ್ಥೆ ಇದನ್ನು ಮೋಸವೆಂದೇ ಓದುತ್ತದೆ. ನನ್ನ ಆಟದಲ್ಲಿ ಉಳಿದಿರುವುದು ಹಂತಗಳ ನಡುವಿನ ಕಥಾದೃಶ್ಯಗಳು. ಅವುಗಳಲ್ಲಿ ಕ್ಯಾಮೆರಾ ಪದೇ ಪದೇ ಜಾಗ ಬದಲಿಸುತ್ತದೆ, ಹೊಸ ಜಾಗ ಕೆಲವೊಮ್ಮೆ ಎರಡು ಮೀಟರ್ ಒಳಗೇ ಇರುತ್ತದೆ, ಆಗ ದೃಶ್ಯ ಕತ್ತರಿಸುವ ಬದಲು ಒಂದು ಹೆಜ್ಜೆಯ ಕಾಲ ಜಾರಿದಂತೆ ಕಾಣುತ್ತದೆ. ದೃಶ್ಯ ನಡೆಯುತ್ತಿದೆ ಎಂದು ಹೇಳುವ ಚರ ಸಿಕ್ಕಿರುವುದರಿಂದ, ಅದರ ಮೌಲ್ಯ 1 ಆಗಿರುವಷ್ಟು ಹೊತ್ತು `alpha`ವನ್ನು 1ಕ್ಕೆ ನಿಲ್ಲಿಸಿ ಆ ಭಾಗವನ್ನು ಹಳೆಯ 60ರಲ್ಲಿಯೇ ತೋರಿಸುತ್ತಿದ್ದೇನೆ.